ತಂಗಿಯ ಮದುವೆಗೆ ಯಂತ್ರ ಬರೆದ ಹಾರೈಕೆ: ಅದನ್ನು ನಮ್ಮ ಮನೆ ಮಾತಿಗೆ ತಿರುಗಿಸಿದ ಬಗೆ

ನಮ್ಮ ಕಾಕಾನ ಮಗಳ ಮದುವೆ. ಹುಡುಗಿ ಗದಗಿನವಳು, ಬೀಗರು ಹಾವೇರಿಯವರು. ಅರಿಶಿನ ಹಚ್ಚುವ ದಿನ ಬೆಳಿಗ್ಗೆಯಿಂದಲೇ ಮನೆ ಮಂದಿಯ ವಾಟ್ಸಾಪ್ ಗ್ರೂಪಿನಲ್ಲಿ ಹಾರೈಕೆಗಳು ಬರತೊಡಗಿದವು. ಕೂತು ಒಂಬತ್ತು ಓದಿದೆ. ಎಂಟರಲ್ಲಿ 'ಈ ಶುಭ ಸಂದರ್ಭದಲ್ಲಿ' ಇತ್ತು. ಒಂಬತ್ತನೆಯದು ಬರೀ ಗುಲಾಬಿ ಹೂವಿನ ಚಿತ್ರ.

ನನ್ನ ಕೈಯಲ್ಲೂ ಅಂಥದ್ದೇ ಒಂದು ಇತ್ತು. ಫೋನಿನ ಎಐ ಬರೆದುಕೊಟ್ಟದ್ದು:

> ಪ್ರೀತಿಯ ಸಹೋದರಿ, ನಿಮ್ಮ ಜೀವನದ ಈ ವಿಶೇಷ ದಿನದಂದು ಹೃತ್ಪೂರ್ವಕ ಶುಭಾಶಯಗಳು! ನಿಮ್ಮ ನಗು ಯಾವಾಗಲೂ ನಮ್ಮ ಮನೆಯನ್ನು ಬೆಳಗಿಸಿದೆ. ನಾವು ಒಟ್ಟಿಗೆ ಕಳೆದ ಬಾಲ್ಯದ ಅಮೂಲ್ಯ ಕ್ಷಣಗಳು ಸದಾ ನನ್ನ ಹೃದಯದಲ್ಲಿವೆ. ನಿಮ್ಮ ವೈವಾಹಿಕ ಜೀವನವು ಪ್ರೀತಿ, ಸಂತೋಷ ಮತ್ತು ಸಮೃದ್ಧಿಯಿಂದ ತುಂಬಿರಲಿ. ಹೊಸ ಪಯಣಕ್ಕೆ ಶುಭವಾಗಲಿ!

ತಪ್ಪು ಅಂತ ಹೇಳುವ ಹಾಗಿಲ್ಲ. ಕಾಗುಣಿತವೂ ಸರಿ ಇದೆ. ಆದರೆ ಇದನ್ನು ಕಳಿಸಿದ್ದರೆ ಅವಳು ಒಂದು ಕೈಮುಗಿಯುವ ಚಿತ್ರ ಹಾಕಿ ಮುಂದೆ ಹೋಗುತ್ತಿದ್ದಳು. ಇಂಥ ಕರಡನ್ನು ಹಿಡಿದು ಕೂತಾಗ ಏನು ಮಾಡಬೇಕು ಅನ್ನುವುದನ್ನು ಈ ಒಂದೇ ಮದುವೆಯ ಲೆಕ್ಕದಲ್ಲಿ ಹೇಳುತ್ತೇನೆ.

ಮೊದಲು ಹೆಸರು ಬದಲಿಸಿ ನೋಡಿ

ಕರಡಿನ ಒಂದೊಂದು ಸಾಲನ್ನೂ ಓದಿ. ನಿಮ್ಮ ತಂಗಿಯ ಜಾಗದಲ್ಲಿ ಪಕ್ಕದ ಮನೆ ಹುಡುಗಿಯನ್ನು ಇಟ್ಟು ನೋಡಿ. ಸಾಲು ಆಗಲೂ ಸರಿಹೊಂದಿದರೆ ಅದು ನಿಮ್ಮ ಸಾಲಲ್ಲ. ಮೇಲಿನ ಕರಡಿನಲ್ಲಿ ಒಂದು ಸಾಲೂ ಈ ಪರೀಕ್ಷೆ ದಾಟುವುದಿಲ್ಲ. 'ನಗು ಮನೆ ಬೆಳಗಿಸಿದೆ' ಅನ್ನುವುದಂತೂ ನಮ್ಮ ತಂಗಿಯ ಮಟ್ಟಿಗೆ ಸುಳ್ಳು. ಆಕೆ ಮನೆ ಬೆಳಗಿಸಿದ್ದಕ್ಕಿಂತ ತಲೆ ತಿಂದದ್ದು ಜಾಸ್ತಿ.

ಹಳೆಯ ಕಾಲದಲ್ಲೂ ಎರವಲು ಮಾತು ಇರಲಿಲ್ಲ ಅಂತಲ್ಲ. ಲಗ್ನಪತ್ರಿಕೆಯ ಕೆಳಗೆ ಮಕ್ಕಳ ಹೆಸರಿನಲ್ಲಿ 'ನಮ್ಮ ಅತ್ತೆ ಮದುವೆಗೆ ತಪ್ಪದೇ ಬನ್ನಿ' ಅಂತ ಅಚ್ಚಾಗುತ್ತದಲ್ಲ, ಅದೂ ಎಲ್ಲರ ಮನೆಯದು. ಮದುವೆಯಲ್ಲಿ ಹೆಣ್ಣಿನ ಬಾಯಿಂದ ಗಂಡನ ಹೆಸರು ಹೇಳಿಸುವ ಒಡಪುಗಳೂ ಹಾಗೇ, ಎಷ್ಟೋ ಒಡಪುಗಳಲ್ಲಿ ಹೆಸರಷ್ಟೇ ಬೇರೆ. ಆದರೆ ಜಾಣ ಅಜ್ಜಿ ಒಬ್ಬಳು ಅಲ್ಲೇ ನಿಂತು ಆ ಹುಡುಗನ ಊರನ್ನೋ ಕೆಲಸವನ್ನೋ ಅದರೊಳಗೆ ಸೇರಿಸಿ ಹೇಳುತ್ತಾಳೆ. ಚಪ್ಪರ ನಗುವುದು ಆಗ. ನಾವು ಮಾಡಬೇಕಾದದ್ದೂ ಅಷ್ಟೇ.

ಪೊಳ್ಳು ಪದವನ್ನು ಪ್ರಶ್ನೆ ಮಾಡಿಕೊಳ್ಳಿ

ಹೆಚ್ಚಿನವರು ಇಲ್ಲಿ ಎಡವುತ್ತಾರೆ. ಕರಡು ಸಪ್ಪೆ ಇದೆ ಅಂತ ಅದಕ್ಕೆ ಇನ್ನಷ್ಟು ಭಾವನೆ ಸುರಿಯುತ್ತಾರೆ. 'ತುಂಬಾ', 'ಅತ್ಯಂತ', ನಾಲ್ಕು ಹೃದಯದ ಚಿತ್ರ. ಸಾರಿಗೆ ಉಪ್ಪಿಲ್ಲ ಅಂತ ನೀರು ಹಾಕಿದ ಹಾಗೆ.

ಅದರ ಬದಲು ಪೊಳ್ಳು ಪದವನ್ನು ಖಾಲಿ ಡಬ್ಬಿ ಅಂದುಕೊಳ್ಳಿ. ಮೇಲೆ ಚೀಟಿ ಅಂಟಿಸಿದ್ದಾರೆ, ಒಳಗೆ ಏನಿಲ್ಲ. ಒಳಗೆ ಏನು ಹಾಕಬಹುದು ಅಂತ ನಿಮ್ಮ ಮನೆಯನ್ನು ಕೇಳಿ. 'ಬಾಲ್ಯದ ಅಮೂಲ್ಯ ಕ್ಷಣ' ಅಂದರೆ ಯಾವ ಕ್ಷಣ, ಎಲ್ಲಿ, ಯಾವ ಹಬ್ಬ? 'ನಗು' ಅಂದರೆ ಯಾವಾಗ, ಯಾರನ್ನು ನೋಡಿ ನಕ್ಕಳು? 'ಹೊಸ ಪಯಣ' ಅಂದರೆ ಹಳೆಯ ಪಯಣ ಯಾವುದು?

ನನಗೆ ಈ ಕೊನೆಯದೇ ಕೆಲಸಕ್ಕೆ ಬಂತು. ಪಯಣ ಅಂದ ಕೂಡಲೇ ನೆನಪಾದದ್ದು ಗದಗ ಬಸ್‌ಸ್ಟ್ಯಾಂಡು.

ತಂಗಿ ಆಗ ಎರಡನೇ ಕ್ಲಾಸು, ನಾನು ಆರನೇ ಕ್ಲಾಸು. ಹುಬ್ಬಳ್ಳಿಯ ಅತ್ತಿ ಮನೆಗೆ ಹೊರಟಿದ್ದೆವು. ಬಸ್ಸು ಬಂದು ನಿಲ್ಲುವುದರೊಳಗೆ ಜನ ಬಾಗಿಲಿಗೆ ಮುಗಿಬಿದ್ದರು. ನಮ್ಮ ಕಾಕಾ ತಂಗಿಯನ್ನು ಎತ್ತಿ ಕಿಡಕಿಯಿಂದ ಒಳಗೆ ಬಿಟ್ಟು, ಕೈಗೆ ಟವೆಲ್ ಕೊಟ್ಟು, 'ಸೀಟು ಹಿಡಿ' ಅಂದ. ಯಾವ ಬಸ್ಸು ಅಂತ ಬೋರ್ಡು ಓದಿ ಹೇಳುವ ಕೆಲಸ ನನ್ನದು. ಅಕ್ಕಪಕ್ಕ ಎರಡು ಬಸ್ಸು ನಿಂತಿದ್ದವು. ನಾನು ಓದಿದ ಬೋರ್ಡು ಒಂದರದು, ತೋರಿಸಿದ್ದು ಇನ್ನೊಂದನ್ನು. ಅವಳು ಕೂತದ್ದು ರೋಣದ ಬಸ್ಸು.

ನೆನಪು ಹುಡುಕುವಾಗ 'ಒಳ್ಳೆಯ ನೆನಪು ಯಾವುದು' ಅಂತ ಕೇಳಿಕೊಳ್ಳಬೇಡಿ. ಹಾಗೆ ಕೇಳಿದರೆ ಫೋಟೋದಲ್ಲಿ ನಿಂತಿರುವ ನೆನಪೇ ಬರುತ್ತದೆ. ಏನು ಒಡೆದಳು, ಏನು ಬಚ್ಚಿಟ್ಟಳು, ಯಾವ ಸುಳ್ಳು ಹೇಳಿ ಸಿಕ್ಕಿಬಿದ್ದಳು, ಯಾವ ಮಾತನ್ನು ತಪ್ಪಾಗಿ ಆಡುತ್ತಿದ್ದಳು, ಯಾರ ಜೊತೆ ಜಗಳ ತೆಗೆದಳು ಅಂತ ಕೇಳಿಕೊಳ್ಳಿ. ಹತ್ತು ನಿಮಿಷದಲ್ಲಿ ನಾಲ್ಕೈದು ಸಿಗುತ್ತವೆ. ಬಳಸುವುದು ಒಂದೇ. ಎರಡು ಘಟನೆ ಹಾಕಿದರೆ ಅದು ಹಾರೈಕೆ ಹೋಗಿ ಪಟ್ಟಿ ಆಗುತ್ತದೆ.

ಬರೆಯುವ ಮೊದಲು ಒಂದು ಫೋನ್

ಅಲ್ಲಿ ಇದ್ದವರೊಬ್ಬರಿಗೆ ಫೋನ್ ಮಾಡಿ. ಈ ಹೆಜ್ಜೆ ಬಿಡಬೇಡಿ. ಎರಡು ಲಾಭ ಇದೆ. ನಿಮ್ಮ ನೆನಪು ತಪ್ಪಿದ್ದರೆ ಗ್ರೂಪಿನಲ್ಲಿ ಹತ್ತು ಜನರ ಮುಂದೆ ತಿದ್ದಿಸಿಕೊಳ್ಳುವುದು ತಪ್ಪುತ್ತದೆ. ಅದಕ್ಕಿಂತ ಹೆಚ್ಚಾಗಿ, ನಿಮಗೆ ಗೊತ್ತೇ ಇರದ ಒಂದು ಸಾಮಾನು ಅವರ ಹತ್ತಿರ ಇರುತ್ತದೆ.

ನಾನು ತಂಗಿಯ ಅವ್ವನಿಗೆ, ಅಂದರೆ ನಮ್ಮ ಕಾಕುಗೆ, ಫೋನ್ ಮಾಡಿದೆ. ಆ ದಿನ ಜಾತ್ರೆಗೆ ಹೊರಟಿದ್ದೆವು ಅಂತ ನಾನು ತಿಳಿದಿದ್ದೆ.

'ಜಾತ್ರಿ ಅಲ್ಲೋ ಮಾರಾಯಾ, ದೀಪಾವಳಿ ಮರುದಿನ. ಬುತ್ತಿಯೊಳಗ ಕರ್ಚಿಕಾಯಿ ಇಟ್ಟಿದ್ದೆ. ಆಕಿ ಅಜ್ಜನ ಟವೆಲ್ ಮೂರು ಸೀಟಿನ ಮ್ಯಾಲೆ ಹಾಸಿ, ಬುತ್ತಿ ಗಂಟು ತೊಡಿ ಮ್ಯಾಲೆ ಇಟ್ಕೊಂಡು ಕುಂತಿದ್ಲು. ಕಂಡಕ್ಟರ್ ಇಳಿ ಅಂದ್ರ ಏನಂದ್ಲು ಗೊತ್ತೈತಿಲ್ಲೋ?'

ಗೊತ್ತಿರಲಿಲ್ಲ. ನಾನು ಆಗ ಕೆಳಗೆ ಇನ್ನೊಂದು ಬಸ್ಸಿನ ಮುಂದೆ ಅವಳನ್ನು ಹುಡುಕುತ್ತಾ ನಿಂತಿದ್ದೆ. ಕಂಡಕ್ಟರ್ 'ಇದು ರೋಣಕ್ಕ ಹೋಗ್ತೈತಿ' ಅಂದಾಗ ಅವಳು 'ನಮ್ಮಣ್ಣ ಬೋರ್ಡ್ ಓದ್ಯಾನ, ಇದು ಹುಬ್ಬಳ್ಳಿ ಬಸ್ಸು, ಬೇಕಾರ ನೀವ ಇಳೀರಿ' ಅಂದಳಂತೆ. ಎರಡನೇ ಕ್ಲಾಸಿನ ಹುಡುಗಿ! ಈ ಒಂದು ಮಾತಿನ ಮೇಲೆ ಇಡೀ ಹಾರೈಕೆ ನಿಂತಿತು. ಫೋನ್ ಮಾಡದಿದ್ದರೆ ಅದು ಕಾಕು ಹತ್ತಿರವೇ ಉಳಿಯುತ್ತಿತ್ತು.

ಯಾರೋ ಆಡಿದ ಮಾತು ಸಿಕ್ಕರೆ ಅದನ್ನು ಆಡಿದ ಹಾಗೇ ಬರೆದುಕೊಳ್ಳಿ. 'ಅವಳು ತುಂಬಾ ಧೈರ್ಯವಂತೆ' ಅಂತ ಅರ್ಥ ಬಿಡಿಸಲು ಹೋಗಬೇಡಿ. ಕಂಡಕ್ಟರನ್ನು ಇಳಿ ಅಂದವಳು ಎಂಥವಳು ಅಂತ ಓದುವವರಿಗೆ ತಿಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಕರಡನ್ನು 'ಇನ್ನೂ ಆತ್ಮೀಯವಾಗಿ ಮಾಡು' ಅಂತ ಯಂತ್ರಕ್ಕೇ ಒಪ್ಪಿಸಿದರೆ ಅದು ನೆನಪನ್ನು ಹುಟ್ಟಿಸುತ್ತದೆ. ನನ್ನ ಕರಡು ಎರಡನೇ ಸುತ್ತಿನಲ್ಲಿ 'ಮಾವಿನ ಮರ ಹತ್ತಿ ಆಡಿದ ಆ ಬೇಸಿಗೆಗಳು' ಅಂತ ಬಂತು. ನಮ್ಮ ಮನೆ ಹಿತ್ತಿಲಲ್ಲಿ ಇದ್ದದ್ದು ಒಂದು ನಳ, ಒಂದು ಬಟ್ಟೆ ಒಗೆಯೋ ಕಲ್ಲು. ಮರ ಎಲ್ಲಿಂದ ಬರಬೇಕು? ಇಂಥ ಸಾಲು ಓದಲು ಚಂದ ಇರುತ್ತದೆ, ಅದಕ್ಕೇ ಕಣ್ಣು ತಪ್ಪಿಸಿ ಉಳಿದುಬಿಡುತ್ತದೆ. ಮನೆಯವರು ಓದಿದ ಕ್ಷಣ ಹಿಡಿಯುತ್ತಾರೆ.

ನೀವು ಬೇಡ, ನೀ ಸಾಕು

ಕರಡು ತಂಗಿಗೆ 'ನಿಮ್ಮ' ಅಂದಿದೆ, 'ಸಹೋದರಿ' ಅಂದಿದೆ. ನಾನು ಅವಳಿಗೆ ಹುಟ್ಟಿದಾಗಿನಿಂದ 'ತಂಗೆವ್ವ' ಅನ್ನುವವನು. ಇದನ್ನು ಮೊದಲೇ ಸರಿಮಾಡಿ. ಕರೆಯುವ ಹೆಸರು ಸರಿ ಆದರೆ ಕೆಳಗಿನ ಸಾಲುಗಳು ತಾವೇ ದಾರಿಗೆ ಬರುತ್ತವೆ. 'ತಂಗೆವ್ವಾ' ಅಂತ ಶುರು ಮಾಡಿದವನು ಮುಂದಿನ ಸಾಲಿನಲ್ಲಿ 'ಹೃತ್ಪೂರ್ವಕ' ಅನ್ನಲಿಕ್ಕೆ ಆಗುವುದಿಲ್ಲ. ಬಾಯಿಗೇ ಬರುವುದಿಲ್ಲ.

ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಿರಿ. ಬಸ್ಸಿನಲ್ಲಿ ಬೇಡ, ಬಸ್ಸಿನ್ಯಾಗ. ಚೆನ್ನಾಗಿದೆ ಬೇಡ, ಚೊಲೊ ಐತಿ. ಆದರೆ ನೀವು ಆಡದ ಮಾತನ್ನು ತಂದು ತುರುಕಬೇಡಿ. ಹುಬ್ಬಳ್ಳಿ ಮಾತು ಅಂತ ಪ್ರತಿ ಸಾಲಿಗೂ 'ಲೇ' ಹಚ್ಚಿದರೆ ನಾಟಕದ ಮಾತಾಗುತ್ತದೆ. ಕೀಬೋರ್ಡು ತಾನೇ ಪದ ತಿದ್ದುವ ಅಭ್ಯಾಸ ಇದ್ದರೆ ಕಳಿಸುವ ಮುಂಚೆ ಒಮ್ಮೆ ನೋಡಿ. 'ಕುಂತಿ' ಅಂತ ಬರೆದದ್ದು ಏನೇನೋ ಆಗಿರುತ್ತದೆ.

ಹಿರಿಯರ ಹುಟ್ಟುಹಬ್ಬಕ್ಕೆ ಲೆಕ್ಕ ಬೇರೆ. ಸೋದರಮಾವನಿಗೆ 60 ತುಂಬಿದೆ ಅನ್ನಿ. ಗೇಲಿ ಮಾಡುವ ಹಕ್ಕು ಅಳಿಯನಿಗೆ ಇದ್ದೇ ಇದೆ, ಆದರೆ 'ರೀ' ಬಿಡಬಾರದು. 'ಮಾಮಾ, ಹಾಲಿನ ಲೆಕ್ಕ ಕ್ಯಾಲೆಂಡರ್ ಮ್ಯಾಲೆ ಬರಿಯೋದು ನೀವು ಇನ್ನೂ ಬಿಟ್ಟಿಲ್ಲ. ನಿಮ್ಮ ಹುಟ್ಟಿದ ದಿನದ ಮ್ಯಾಲೂ ಅರ್ಧ ಲೀಟರ್ ಅಂತ ಐತ್ರಿ.' ಇಲ್ಲಿ ಹಿಡಿದದ್ದು ಅವರ ಒಂದು ಚಾಳಿಯನ್ನು. ವಯಸ್ಸನ್ನಲ್ಲ, ಬಿಳಿ ಕೂದಲನ್ನಲ್ಲ, ಮಂಡಿ ನೋವನ್ನಲ್ಲ.

ಗೇಲಿಗೆ ನೀವೂ ಸ್ವಲ್ಪ ಕಳೆದುಕೊಳ್ಳಬೇಕು

ಈ ಭಾಗದಲ್ಲಿ ನಾನು ಒಮ್ಮೆ ಸೋತಿದ್ದೇನೆ. ದೊಡ್ಡಪ್ಪನ ಮಗನ ಮದುವೆಗೆ ಅವನು ಮೂರು ಸಲ ಫೇಲಾದ ಪರೀಕ್ಷೆಯ ಬಗ್ಗೆ ಬರೆದೆ. ಗ್ರೂಪಿನಲ್ಲಿ ಎಲ್ಲರೂ ನಕ್ಕರು. ಅವನು ಮಾತ್ರ ಒಂದು ಕೈಮುಗಿಯುವ ಚಿತ್ರ ಹಾಕಿದ. ಸಂಜೆ ಚಪ್ಪರದಲ್ಲಿ ನನ್ನ ಪಕ್ಕ ಕೂರಲಿಲ್ಲ. ಬೇರೆಯವರೆಲ್ಲ ನಕ್ಕು, ಯಾರ ಬಗ್ಗೆ ಬರೆದಿದ್ದೀರೋ ಅವರೊಬ್ಬರೇ ಸುಮ್ಮನಿದ್ದರೆ ಗೇಲಿ ಚುಚ್ಚಿದೆ ಅಂತ ಅರ್ಥ.

ಅಲ್ಲಿ ಆದದ್ದು ಇಷ್ಟು. ಕಳೆದುಕೊಂಡವನು ಅವನು, ಗೆದ್ದವನು ನಾನು. ಚಪ್ಪರದಲ್ಲಿ ಬೀಗರನ್ನು ಗೇಲಿ ಮಾಡುವ ಹಾಡು ಹೇಳುವಾಗ ಎದುರಿನ ಹೆಂಗಸರು ಅಲ್ಲೇ ಕೂತಿರುತ್ತಾರೆ, ಕೂಡಲೇ ತಿರುಗಿಸಿ ಹಾಡುತ್ತಾರೆ. ಲೆಕ್ಕ ಸರಿಹೋಗುತ್ತದೆ. ಬರೆದು ಕಳಿಸಿದ ಮಾತಿಗೆ ಆ ಅನುಕೂಲ ಇಲ್ಲ. ಹಾಗಾಗಿ ತಿರುಗೇಟನ್ನು ನೀವೇ ಬರೆದುಕೊಡಬೇಕು. ಬಸ್ಸಿನ ಕತೆ ನನಗೆ ಹಿಡಿಸಿದ್ದು ಇದಕ್ಕೇ. ಹಟ ಅವಳದು, ತಪ್ಪು ನನ್ನದು. ಗೇಲಿ ಇಬ್ಬರಿಗೂ ತಗಲುತ್ತದೆ.

ಬಣ್ಣ, ದಪ್ಪ, ಮೊದಲು ನೋಡಿ ಹೋದ ಗಂಡುಗಳು, ಬಂಗಾರ, ಸಾಲ, ನೌಕರಿ. ಇವನ್ನು ಮದುವೆ ಹಾರೈಕೆಯಲ್ಲಿ ಮುಟ್ಟಲೇಬಾರದು. ಚಿಕ್ಕಂದಿನ ಅಡ್ಡಹೆಸರು ಮೈಕಟ್ಟಿನ ಮೇಲೆ ಬಂದದ್ದಾದರೆ ಅದೂ ಬೇಡ. ಮನೆಯೊಳಗೆ ಅದು ಮುದ್ದು, ಹೊರಗಿನವರ ಬಾಯಲ್ಲಿ ಹಾಗಿರುವುದಿಲ್ಲ. ಬರೆದ ಮೇಲೆ 'ತಮಾಷೆಗೆ ಹೇಳಿದೆ' ಅಂತ ಸೇರಿಸಬೇಕು ಅನ್ನಿಸಿದರೆ ಆ ಸಾಲನ್ನೇ ಹೊಡೆದು ಹಾಕಿ.

ಬರೆದದ್ದು

ಇಷ್ಟಾದ ಮೇಲೆ ಕರಡನ್ನು ಪಕ್ಕಕ್ಕಿಟ್ಟು ಹೊಸದಾಗಿ ಬರೆದೆ. ಕರಡಿನ ಮೇಲೇ ತಿದ್ದುತ್ತಾ ಹೋದರೆ ಅದರ ಚೌಕಟ್ಟು ಉಳಿದುಬಿಡುತ್ತದೆ. ಮೊದಲು ಹೊಗಳಿಕೆ, ನಡುವೆ ನೆನಪು, ಕೊನೆಗೆ ಮೂರು ನಾಮಪದಗಳ ಹಾರೈಕೆ. ಮನೆ ಗ್ರೂಪಿಗೆ ಹಾಕಿದ್ದು ಇದು:

> ತಂಗೆವ್ವಾ,
> ದೀಪಾವಳಿ ಮರುದಿನ ಗದಗ ಬಸ್‌ಸ್ಟ್ಯಾಂಡಿನ್ಯಾಗ ನಿನ್ನ ಕಿಡಕಿಯಿಂದ ಒಳಗ ಬಿಟ್ಟು ಸೀಟು ಹಿಡಿಯಾಕ ಕಳಿಸಿದ್ವಿ. ನೀ ಅಜ್ಜನ ಟವೆಲ್ ಹಾಸಿ, ಬುತ್ತಿ ಗಂಟು ತೊಡಿ ಮ್ಯಾಲೆ ಇಟ್ಕೊಂಡು ಕುಂತಿ. ಕಂಡಕ್ಟರ್ 'ಇದು ರೋಣಕ್ಕ ಹೋಗ್ತೈತವಾ, ಇಳಿ' ಅಂದ್ರ, 'ನಮ್ಮಣ್ಣ ಬೋರ್ಡ್ ಓದ್ಯಾನ, ಇದು ಹುಬ್ಬಳ್ಳಿ ಬಸ್ಸು, ಬೇಕಾರ ನೀವ ಇಳೀರಿ' ಅಂದಿ.
> ತಪ್ಪು ಓದಿದಾವ ನಾನು. ಬೈಸಿಕೊಂಡಾಕಿ ನೀನು. ಇವತ್ತು ಎಲ್ಲಾರ ಮುಂದ ಒಪ್ಕೋತೀನಿ.
> ಈ ಸಲ ಬೋರ್ಡ್ ನೀನ ಓದಿ ಹತ್ತೀದಿ. ಹಾವೇರಿ ಬಸ್ಸು, ಬರೋಬ್ಬರಿ ಐತಿ.
> ಇಬ್ರೂ ಚಂದಾಗಿ ಬಾಳ್ರಿ. ಜಗಳಾಡಿದ್ರ ಕಿಡಕಿ ಸೀಟಿಗಷ್ಟ ಆಡ್ರಿ.

ಎರಡು ವಿಷಯ ಗಮನಿಸಿ. ಅಜ್ಜ ಈಗಿಲ್ಲ. 'ಅಜ್ಜ ಮೇಲಿಂದ ಆಶೀರ್ವಾದ ಮಾಡುತ್ತಿದ್ದಾನೆ' ಅಂತ ಬರೆಯಲು ಕೈ ಹೋಗಿತ್ತು, ತಡೆದೆ. ಮದುವೆ ದಿನ ಎಲ್ಲರನ್ನೂ ಅಳಿಸುವುದು ಯಾಕೆ? ಟವೆಲ್ ಅಂತ ಬಂದರೆ ಸಾಕು, ನೆನೆಯುವವರು ನೆನೆಯುತ್ತಾರೆ. ಎರಡನೆಯದು, ಕರಡಿನ 'ಹೊಸ ಪಯಣ' ಎಲ್ಲೂ ಹೋಗಿಲ್ಲ. ಹಾವೇರಿ ಬಸ್ಸಾಗಿ ಕೂತಿದೆ.

ಉದ್ದದ ಬಗ್ಗೆ: ಫೋನಿನ ಒಂದು ಪರದೆ ದಾಟಬಾರದು. ಮದುವೆ ಮನೆಯಲ್ಲಿ ಬೆರಳು ತುಂಬಾ ಅರಿಶಿನ ಇರುವವರು ಕೆಳಗೆ ಸರಿಸಿ ಓದುವುದಿಲ್ಲ.

ಬೀಗರು ಓದುವ ಪ್ರತಿ ಬೇರೆ

ಎರಡೂ ಮನೆಯವರಿರುವ ಇನ್ನೊಂದು ಗ್ರೂಪ್ ಇತ್ತು. ಅಲ್ಲಿಗೆ ಕಳಿಸುವ ಮುಂಚೆ ಕಾಕುಗೆ ಓದಿ ಹೇಳಿದೆ. ಆಕೆ ನಕ್ಕಳು, ಆಮೇಲೆ ಒಂದು ಕ್ಷಣ ಸುಮ್ಮನಾದಳು. 'ಹಿರ್ಯಾರಿಗೆ ಎದುರು ಮಾತಾಡ್ತಾಳ ಅಂತ ಹಾವೇರಿಯವರು ತಿಳ್ಕೊಂಡಾರಪ್ಪಾ' ಅಂದಳು. ನನಗೆ ಇದು ಅತಿ ಅನ್ನಿಸಿತು. ಆದರೆ ನಾಳೆ ಆ ಮನೆಯಲ್ಲಿ ಇರುವವಳು ತಂಗಿ, ನಾನಲ್ಲ. ಹೆಣ್ಣಿನ ತಾಯಿ ಬೇಡ ಅಂದದ್ದನ್ನು ವಾದ ಮಾಡದೆ ತೆಗೆಯಬೇಕು.

'ಬೇಕಾರ ನೀವ ಇಳೀರಿ' ತೆಗೆದೆ. ಅದು ಹೋದರೆ ಸ್ವಲ್ಪ ಖಾರ ಕಡಿಮೆ ಆಗುತ್ತದೆ, ನಿಜ. ಅದರ ಜಾಗದಲ್ಲಿ ಕೊನೆಗೆ ಒಂದು ಸಾಲು ಸೇರಿಸಿದೆ: 'ಬೀಗರ, ಒಂದು ಮಾತು ಹೇಳ್ತೀನ್ರಿ. ಈಕಿ ಒಮ್ಮೆ ಕುಂತ ಜಾಗ ಬಿಡಾಕಿ ಅಲ್ಲ.' ಹಟಮಾರಿ ಅಂತಲೂ ಓದಬಹುದು, ನಂಬಿದವರನ್ನು ಬಿಡುವವಳಲ್ಲ ಅಂತಲೂ ಓದಬಹುದು. ಹಾವೇರಿಯವರು ಎರಡನೆಯದನ್ನು ಓದಿಕೊಂಡರು. ನಮ್ಮವರು ಮೊದಲನೆಯದನ್ನು.

ಕೊನೆಗೆ ಯಂತ್ರದ ಕೈಗೆ ವಾಪಸ್ ಕೊಡಬೇಡಿ

'ಒಮ್ಮೆ ತಿದ್ದಿಸೋಣ' ಅನ್ನುವ ಆಸೆ ಬಂದೇ ಬರುತ್ತದೆ. ನಾನು ನೋಡಬೇಕಂತಲೇ ಒಮ್ಮೆ ಹಾಕಿದೆ. 'ಬಸ್‌ಸ್ಟ್ಯಾಂಡಿನ್ಯಾಗ' ಹೋಗಿ 'ಬಸ್ ನಿಲ್ದಾಣದಲ್ಲಿ' ಆಯಿತು. 'ತಪ್ಪು ಓದಿದಾವ ನಾನು' ಅನ್ನುವುದರ ಮುಂದೆ 'ಆ ಮುಗ್ಧ ದಿನಗಳು ಎಷ್ಟು ಸುಂದರ!' ಅಂತ ಒಂದು ಬಾಲ ಬಂತು. ಕಾಗುಣಿತ ನೋಡಿಸಲೇಬೇಕಾದರೆ ತಪ್ಪಿನ ಪದಗಳನ್ನಷ್ಟೇ ಪಟ್ಟಿ ಮಾಡಿಸಿ, ತಿದ್ದುವುದನ್ನು ನೀವೇ ತಿದ್ದಿ. ಅದಕ್ಕಿಂತ ಸುಲಭ ಅಂದರೆ ಗಟ್ಟಿಯಾಗಿ ಓದಿಕೊಳ್ಳುವುದು. ನಾಲಿಗೆ ಎಡವಿದ ಕಡೆ ನಿಮ್ಮ ಮಾತಲ್ಲದ ಪದ ಇರುತ್ತದೆ.

ಇನ್ನೊಂದು, ಮನೆಯವರ ಪೂರ್ತಿ ಹೆಸರು, ವಿಳಾಸ, ಯಾರಿಗೂ ಹೇಳದ ಮನೆ ಕತೆ ಇವನ್ನೆಲ್ಲ ಅಂಥ ಆ್ಯಪ್‌ಗಳಿಗೆ ಹಾಕಬೇಡಿ. ಹಾರೈಕೆ ಬರೆಯಲಿಕ್ಕೆ ಅವು ಬೇಕಾಗಿಯೂ ಇಲ್ಲ.

ರಾತ್ರಿ ಹನ್ನೊಂದಕ್ಕೆ ಎಲ್ಲರ ಊಟ ಆದ ಮೇಲೆ ತಂಗಿ ಉತ್ತರ ಹಾಕಿದಳು. ಕೈಮುಗಿಯುವ ಚಿತ್ರ ಇರಲಿಲ್ಲ.

'ಅಣ್ಣಾ, ನೀ ಒಪ್ಕೊಂಡಿ ಅಂತ ನಾನೂ ಒಪ್ಕೋತೀನಿ. ಬುತ್ತಿಯೊಳಗ ಎಂಟು ಕರ್ಚಿಕಾಯಿ ಇದ್ವು. ನೀವು ನನ್ನ ಹುಡುಕೋದ್ರಾಗ ಮೂರು ಉಳದಿದ್ವು. ಅತ್ತಿ ಮುಂದ ನಿನ್ನ ಹೆಸರು ಹೇಳೀನಿ.'